ಭ್ರೂಣ ಬೇಡವೆಂದೆ

ಸ್ತನದ ಗಂಟು ಕ್ಯಾನ್ಸರ್ ಎಂದು ಗೊತ್ತಾದಾಗ ನನಗೆ ಮದುವೆಯಾಗಿ ಒಂದು ವರ್ಷವಾಗಿತ್ತಷ್ಟೆ. ಕೀಮೋದಿಂದ ಅಂಡಾಶಯ ಕೆಡಬಹುದು, ಮುಂದೆ ಮಗು ಬೇಕೆನಿಸಿದರೆ ಕೀಮೋಗೆ ಮೊದಲೇ ಅಂಡಾಣುವನ್ನೋ ಭ್ರೂಣವನ್ನೋ ಫ್ರೀಜ್ ಮಾಡಿಡಬಹುದು ಎಂದು ಹುಬ್ಬಳ್ಳಿಯ ಡಾಕ್ಟರಮ್ಮ ಹೇಳಿದರು. ಅಂಡಾಣು ಬೆಳೆಸುವ ಇಂಜೆಕ್ಷನ್ನಿಗೆ ಸುಮಾರು ಎರಡು ವಾರ ಬೇಕು. ಅಷ್ಟು ದಿನ ಕೀಮೋ ತಡೆಯಬಹುದೆಂದು ಕ್ಯಾನ್ಸರ್ ಡಾಕ್ಟರೂ ಒಪ್ಪಿದರು.

ಗಂಡನ ಮನೆಗೆ, ಕುಷ್ಟಗಿಗೆ ಮರಳಿದೊಡನೆ ಅತ್ತೆ ತೀರ್ಪು ಕೊಟ್ಟರು. "ಭ್ರೂಣಾನ ಇಡಸು. ನೀ ಉಳದ್ರ ಛಲೋನ ಆತು. ಇಲ್ಲಂದ್ರ ಬ್ಯಾರೆ ಹೆಣ್ಣಿನ ಹೊಟ್ಟ್ಯಾಗ ಬೆಳಸ್ತೀವಿ."

ನಾನು ಗಂಡನ ಮುಖ ನೋಡಿದೆ. "ಅವ್ವ ಹೇಳೂದ್ರಾಗ ತಪ್ಪೇನೈತಿ?" ಎಂದ.

ಮರುದಿನ ಗಂಡನೊಂದಿಗೆ ಮತ್ತೆ ಹುಬ್ಬಳ್ಳಿಗೆ ಹೋಗಿ, ಅವನನ್ನು ಹೊರಗೆ ಕೂರಿಸಿ ಡಾಕ್ಟರಮ್ಮನನ್ನು ಒಬ್ಬಳೇ ಭೇಟಿಯಾದೆ. "ಭ್ರೂಣ ನಿಮ್ಮಿಬ್ಬರದೂ ಆಗ್ತದ, ಬಳಸಾಕ ಇಬ್ಬರ ಒಪ್ಪಿಗೀನೂ ಬೇಕು. ಅಂಡಾಣು ನಿಮ್ಮೊಬ್ಬರದ. ಆದ್ರ ಮಗು ಆಗೇ ಆಗ್ತದಂತ ಯಾವುದಕ್ಕೂ ಖಾತ್ರಿ ಇಲ್ಲ ನೋಡ್ರಿ," ಎಂದರು.

"ಅಂಡಾಣುನ ಇಡ್ರಿ," ಎಂದೆ.

ಹೊರಗೆ ಬಂದು ತಿಳಿಸಿದೊಡನೆ ಗಂಡ ಎಲ್ಲರೆದುರು ಕೂಗಾಡಿದ. "ನನ್ನ ಕೇಳದ ಹೆಂಗ ಹೇಳಿದಿ?"

"ನಾ ಸತ್ತಮ್ಯಾಗ ಏನ್ ಮಾಡ್ಬೇಕಂತ ನನ್ನ ಮುಂದನ ಮಾತಾಡಿದ್ರಿ. ಆವಾಗ ನನ್ನ ಕೇಳಿದ್ರೇನು?"

ಅವನು ಒಬ್ಬನೇ ಬಸ್ ಹತ್ತಿ ಹೋದ. ತಳಕಲ್ಲಿನಿಂದ ಅಕ್ಕ ಬಂದು, ಹುಬ್ಬಳ್ಳಿಯಲ್ಲಿ ಕೋಣೆ ಹಿಡಿದು, ದಿನವೂ ನನ್ನ ಹೊಟ್ಟೆಗೆ ಸೂಜಿ ಚುಚ್ಚಿದಳು. ಮಂಪರು ಬರಿಸಿ ಅಂಡಾಣು ತೆಗೆದರು. ಕೆಲವೇ ದಿನಗಳಲ್ಲಿ ಕೀಮೋ ಶುರುವಾಯಿತು. ಅದು ಮುಗಿಯುವವರೆಗೂ ಆ ಮನೆಯಿಂದ ಯಾರೂ ಬರಲಿಲ್ಲ.

ಈಗ ನಾನು ಆ ಮನೆ ಬಿಟ್ಟು ಕೊಪ್ಪಳದಲ್ಲಿ ಕೆಲಸದಲ್ಲಿದ್ದೇನೆ. ಮಗು ಬೇಕೋ ಬೇಡವೋ ಇನ್ನೂ ತಿಳಿಯದು. ಅತ್ತೆಯ ಮಾತನ್ನಂತೂ ಕ್ಷಮಿಸಿಲ್ಲ, ಕ್ಷಮಿಸುವ ಮನಸ್ಸೂ ಇಲ್ಲ.