ಲಸಿಕೆ ಹಾಕಿಸಿದ ಮೇಲಿನ ನಿದ್ದೆ

ಮಗಳಿಗೆ ಮೂರೂವರೆ ತಿಂಗಳಾದಾಗ ಕುರ್ಲಾದ ನಮ್ಮ ಚಾಳಿನ ಹತ್ತಿರದ ದವಾಖಾನೆಯಲ್ಲಿ ಲಸಿಕೆ ಹಾಕಿಸಿಕೊಂಡು ಬಂದೆ. ಎರಡೂ ತೊಡೆಗೆ ಸೂಜಿ. ಮೈ ಸ್ವಲ್ಪ ಬಿಸಿಯಾಗಬಹುದು, ರಚ್ಚೆ ಹಿಡಿಯಬಹುದು, ಹೆಚ್ಚು ಮಲಗಲೂಬಹುದು ಎಂದು ಡಾಕ್ಟರ್ ಮೊದಲೇ ಹೇಳಿದ್ದರು. ಜ್ವರಕ್ಕೆ ಎಷ್ಟು ಹನಿ ಔಷಧ ಎಂಬುದನ್ನೂ ಮಗುವಿನ ತೂಕ ನೋಡಿಯೇ ತಿಳಿಸಿದ್ದರು.

ಅಂದು ಸಂಜೆಯೆಲ್ಲ ಅವಳು ಹೆಗಲಿನಿಂದ ಇಳಿಯಲಿಲ್ಲ. ಮರುದಿನ ಬೆಳಿಗ್ಗೆಯೂ ಮೈ ಬೆಚ್ಚಗೇ ಇತ್ತು. ಹನಿ ಹಾಕಿದೆ. ಮಧ್ಯಾಹ್ನ ಬಟ್ಟೆ ಒಗೆದುಕೊಂಡು ಬಂದು ನೋಡಿದರೆ ಗಾಢ ನಿದ್ದೆ. ಹಾಲು ಕುಡಿಯುವ ಹೊತ್ತು ಮೀರಿದ್ದರೂ ಮಿಸುಕಾಡಲಿಲ್ಲ.

ಬಾಣಂತನಕ್ಕೆಂದು ವಿಜಯಪುರದಿಂದ ಬಂದಿದ್ದ ಅತ್ತೆ ಪಕ್ಕದಲ್ಲೇ ಕೂತಿದ್ದರು. ಕೋಣೆಯೊಳಗಿನ ಬಚ್ಚಲು ಮೋರಿಯ ಹತ್ತಿರ ತೇಯುವ ಕಲ್ಲು ಒದ್ದೆಯಾಗಿತ್ತು. ಮಗು ಮಲಗಲೆಂದು ಜಾಜಿಕಾಯಿ ತೇಯ್ದು ನೆಕ್ಕಿಸುವ ರೂಢಿ ಅವರದು. ಬೇಡವೆಂದು ನಾನು ಹಟ ಹಿಡಿದಿದ್ದೆ.

“ಅತ್ತಿ, ಏನರ ನೆಕ್ಕಿಸೀರೇನ್ರಿ?”

“ನಾ ಏನೂ ನೆಕ್ಕಿಸಿಲ್ಲವಾ.”

“ಮತ್ತ ಕಲ್ಲು ಯಾಕ ಹಸಿ ಐತಿ?”

ಅವರು ಮುಖ ತಿರುಗಿಸಿದರು. ನಾನು ಡಾಕ್ಟರಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದೆ, ಅತ್ತೆಗೂ ಕೇಳಲಿ ಎಂದು. ಮೊದಲು ಬಟ್ಟೆ ಬಿಚ್ಚಿ, ಅಂಗಾಲು ಉಜ್ಜಿ ಎಬ್ಬಿಸಿ ನೋಡು, ಎಂದರು ಡಾಕ್ಟರ್ ಹಿಂದಿಯಲ್ಲಿ. ಬಿಚ್ಚಿದೆ. ತೊಡೆಯಲ್ಲಿ ಸೂಜಿ ಚುಚ್ಚಿದ ಕಡೆ ಎದ್ದಿದ್ದ ಗಂಟಿನ ಮೇಲೆ ದಪ್ಪಗೆ ಅರಿಶಿನದ ಲೇಪ!

“ಬಾವು ಇಳೀಲಿ ಅಂತ ಅರಿಶಿಣ ಕೊಂಬು ತೇದು ಹಚ್ಚೇನಿ. ಹೇಳಿದ್ರ ನೀ ಬ್ಯಾಡ ಅಂತಿದ್ದಿ,” ಎಂದರು ಅತ್ತೆ.

ಅಂಗಾಲು ಉಜ್ಜುತ್ತಲೇ ಮಗಳು ಕಣ್ಣು ಬಿಟ್ಟು, ಸಿಟ್ಟಿನಿಂದ ಕಿರುಚಿ, ಎದೆಗೆ ಬಾಯಿ ಹಚ್ಚಿದಳು. ಚೊರಚೊರ ಹೀರುವ ಸದ್ದು ಫೋನಿನಲ್ಲೂ ಕೇಳಿರಬೇಕು. ಎದ್ದು ಹಾಲು ಕುಡಿದರೆ ಹೆದರಬೇಡ, ಎಂದರು ಡಾಕ್ಟರ್. ಎಬ್ಬಿಸಿದರೂ ಏಳದಿದ್ದರೆ, ಹಾಲು ಬಿಟ್ಟರೆ, ಜ್ವರ ಏರಿದರೆ ಅಥವಾ ಎರಡು ದಿನ ಕಳೆದರೂ ಬಿಡದಿದ್ದರೆ, ಗಂಟೆಗಟ್ಟಲೆ ಒಂದೇ ಸಮ ಅತ್ತರೆ ನನಗೆ ಹೇಳು. ಫಿಟ್ಸ್ ಬಂದರೆ, ಉಸಿರಾಟ ಕಷ್ಟವಾದರೆ ಫೋನಿಗೂ ಕಾಯದೆ ಆಸ್ಪತ್ರೆಗೆ ಓಡು. ಲೇಪ ತೊಳೆದು ತಣ್ಣನೆ ಒದ್ದೆ ಬಟ್ಟೆ ಇಡು, ಅಷ್ಟೇ.

ಫೋನ್ ಇಟ್ಟ ಮೇಲೆ ಅತ್ತೆ ಔಷಧದ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದರು.

“ಈಗ ನನಗ ಖರೇ ಹೇಳು. ಇದನ್ನ ಎರಡೆರಡು ಸಲ ಹಾಕಿಲ್ಲಲ್ಲ? ಮುಂಜಾನಿಂದ ನನಗ ಅದ ಚಿಂತಿ.”

ನಾನು ಅವರ ಮೇಲೆ ಕಣ್ಣಿಟ್ಟಂತೆ ಅವರೂ ನನ್ನ ಮೇಲೆ ಕಣ್ಣಿಟ್ಟಿದ್ದರು! ಒಂದೇ ಸಲ ಹಾಕಿದ್ದೇನೆ ಎಂದೆ. ನಂಬಿದರೋ ಇಲ್ಲವೋ.

ಮಾರನೆಯ ದಿನ ಜ್ವರ ಬಿಟ್ಟು ಮಗಳು ನಕ್ಕಳು. ಆದರೂ ಆ ವಾರವೆಲ್ಲ ನಾನು ಅವಳನ್ನು ಅತ್ತೆಯೊಬ್ಬರ ಹತ್ತಿರವೇ ಬಿಟ್ಟು ಹೋಗಲಿಲ್ಲ, ಅತ್ತೆಯೂ ನನ್ನೊಬ್ಬಳ ಹತ್ತಿರ ಬಿಟ್ಟು ಹೋಗಲಿಲ್ಲ.