ನಲವತ್ತೇಳನೇ ಸಾಲು

ಕೋಲಾರದ ಇಂಜಿನಿಯರಿಂಗ್ ಕಾಲೇಜಿನ ಕೊನೆಯ ವರ್ಷ, ಗೆಳೆಯನೂ ನಾನೂ ಸೇರಿ ಜಾವಾ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಗುಂಡು ಹಾರಿಸುವ ಆಟವೊಂದನ್ನು ಬರೆದಿದ್ದೆವು. ಗುಂಡಿನ ಕೋಡ್ ನನ್ನದು, ಶತ್ರುಗಳದು ಅವನದು. ಲ್ಯಾಬಿನಲ್ಲಿ ಪರೀಕ್ಷಕರ ಮುಂದೆ ಮೊದಲ ಶತ್ರು ಸತ್ತ ಕೂಡಲೇ ಆಟ ನಿಂತುಹೋಗಿ, ಪರದೆಯ ತುಂಬ ಎರರ್ ಸಾಲುಗಳು ಬಂದವು. ಮೇಲೆ ನಲ್ ಪಾಯಿಂಟರ್ ಎಂದಿತ್ತು, ಅಂದರೆ ಏನೋ ಇರಬೇಕಾದ ಕಡೆ ಏನೂ ಇಲ್ಲ ಎಂದು. ಅದರ ಕೆಳಗೇ ನನ್ನ ಫೈಲಿನ ಹೆಸರು, ಸಾಲು ನಲವತ್ತೇಳು.

ಪರೀಕ್ಷಕರು ಟೀ ಕುಡಿಯಲು ಎದ್ದು ಹೋದದ್ದೇ ತಡ, ಅವನು ನನ್ನ ಕಾಲರ್ ಹಿಡಿದು ಗೋಡೆಗೆ ಅಪ್ಪಳಿಸಿದ.

"ನಿನ್ ಫೈಲೇ ಕಣೋ! ಎಲ್ಲಾ ಹಾಳ್ ಮಾಡ್ಬಿಟ್ಯಲ್ಲೋ!"

ಅವನ ಗುದ್ದಿಗೆ ನನ್ನ ತುಟಿ ಒಡೆಯಿತು. ನಾನು ಸ್ಟೂಲ್ ಎತ್ತಿ ಬೀಸಿದೆ. ಅವನ ಮೊಣಕೈಗೆ ತಗುಲಿತು.

ಲ್ಯಾಬಿನ ಮೇಡಂ ಓಡಿಬಂದು, ಪರದೆಯತ್ತ ಕೈ ತೋರಿಸಿ, "ಬಿಡ್ರೋ! ಮೊದ್ಲು ಕೆಳಗಿನ ಸಾಲೂ ಓದ್ರೋ!" ಎಂದು ಕಿರುಚಿದರು.

ರಕ್ತ ಒರೆಸಿಕೊಳ್ಳುತ್ತ ಓದಿದೆ. ನನ್ನ ನಲವತ್ತೇಳನೇ ಸಾಲು ಶತ್ರುವಿನ ಶಕ್ತಿಯನ್ನು ಕಡಿಮೆ ಮಾಡುತ್ತಿತ್ತು, ಆದರೆ ಅಲ್ಲಿಗೆ ಬಂದದ್ದು ಶತ್ರುವಲ್ಲ, ಬರೀ ನಲ್. ಅದನ್ನು ಕಳಿಸಿದ್ದು ಯಾರೆಂದು ಕೆಳಗಿನ ಸಾಲು ಹೇಳುತ್ತಿತ್ತು: ಅವನ ಫೈಲ್. ಸತ್ತ ಶತ್ರುವಿನ ಜಾಗಕ್ಕೆ ನಲ್ ಹಾಕಿ, ಅದನ್ನೇ ಮತ್ತೆ ನನ್ನ ಗುಂಡಿಗೆ ಕೊಟ್ಟಿದ್ದ.

ನಲ್ ಇದ್ದರೆ ಬಿಟ್ಟು ಮುಂದಕ್ಕೆ ಹೋಗುವಂತೆ ಅವನು ಒಂದು ಸಾಲು ಸೇರಿಸಿದ. ಪರೀಕ್ಷಕರು ಮರಳಿದಾಗ ಆಟ ಓಡಿತು, ಇಬ್ಬರೂ ಪಾಸಾದೆವು. ಅವನು ಕ್ಷಮೆ ಕೇಳಲಿಲ್ಲ, ನಾನೂ ಅವನ ಮೊಣಕೈ ಹೇಗಿದೆ ಎಂದು ಕೇಳಲಿಲ್ಲ.