ಚಹಾಕ್ಕಿಂತ ಮೊದಲು ಏಳುವುದು

ಚಹಾದ ಗ್ಲಾಸುಗಳ ಮೇಲೆ ಯಾವಾಗಲೂ ಹಳದಿ ಬೆರಳಚ್ಚುಗಳಿರುತ್ತಿದ್ದವು. ಸಾಂಗಲಿಯ ಆ ಅರಿಶಿನ ವ್ಯಾಪಾರದ ಪೇಢಿಯಲ್ಲಿ ಮಾಲು ಪರೀಕ್ಷಿಸುವ ಕೆಲಸಕ್ಕೆ ನಾನು ಹೊಸದಾಗಿ ಸೇರಿದ್ದೆ. ಬುಧವಾರದ ಮೀಟಿಂಗು ಮಧ್ಯಾಹ್ನವಿಡೀ ನಡೆದು ಚಹಾದೊಂದಿಗೆ ಮುಗಿಯುತ್ತಿತ್ತು. ಚಹಾ ಕುಡಿಯದೆ ಎದ್ದವರು ಸಿಟ್ಟಾಗಿದ್ದಾರೆ ಎಂದೇ ಅಲ್ಲಿ ಅರ್ಥ. ನನಗೆ ಸಂಬಂಧಪಟ್ಟದ್ದು ಖರೀದಿಯ ಮಾತು ಮಾತ್ರ. ಅರಿಶಿನದ ತೇವಾಂಶ ತಿಳಿಯಲು ಕುದಿಸುವ ದ್ರಾವಕ ಬೇಗ ಬೆಂಕಿ ಹಿಡಿಯುವಂಥದು, ಅದನ್ನು ಕುದಿಯಲು ಬಿಟ್ಟು ಮೀಟಿಂಗಿಗೆ ಬರುವಂತಿಲ್ಲ. ಹೀಗಾಗಿ ಬುಧವಾರ ಪರೀಕ್ಷೆ ನಿಲ್ಲುತ್ತಿತ್ತು, ಗುರುವಾರದ ಲಾರಿ ಲೋಡು ತಡವಾಗುತ್ತಿತ್ತು.

ಒಂದು ಬುಧವಾರ ಬೆಳಿಗ್ಗೆ ಮಾಲೀಕರ ಬಳಿ ಹೋದೆ.

“ಕಾಕಾ, ಇವತ್ತ ಖರೀದಿ ಮಾತು ಮೊದಲ ತಗೋತೀರೇನ್ರಿ? ಅದು ಮುಗಿಯೂತನಕ ಕುಂದ್ರತೇನಿ. ಆಮ್ಯಾಲ ಲ್ಯಾಬಿಗೆ ಹೋಗ್ತೇನ್ರಿ. ಕರದ್ರ ಬರ್ತೇನಿ.”

“ನಮ್ಮ ಮಾತು ಬ್ಯಾಸರ ಬಂತೇನವಾ?”

“ಇಲ್ರಿ. ಲಾರಿ ಬಾಡಿಗಿ ಮಾತಿನ್ಯಾಗ ನಾ ಸುಮ್ಮನ ಕುಂತಿರ್ತೇನಿ. ಆ ಹೊತ್ತಿನ್ಯಾಗ ಸ್ಯಾಂಪಲ್ ಮುಗಿತಾವ್ರಿ.”

“ಲಾರಿ ಮಾತಿನ್ಯಾಗ ನಾನೂ ಸುಮ್ಮನ ಕುಂತಿರ್ತೇನಿ. ನನ್ನ ಯಾರು ಬಿಡ್ತಾರ?” ಎಂದರು. ಹೂಂ ಎಂದರೋ ಇಲ್ಲವೋ ನನಗೆ ತಿಳಿಯಲಿಲ್ಲ.

ಆದರೆ ಮೀಟಿಂಗು ಖರೀದಿಯಿಂದಲೇ ಶುರುವಾಯಿತು. ಅದು ಮುಗಿದು ನಾನು ಎದ್ದಾಗ ಎಲ್ಲರೂ ಮಾತು ನಿಲ್ಲಿಸಿ ನನ್ನನ್ನೇ ನೋಡಿದರು. ಕಾಕಾ ಒಳಗೆ ಕೂಗಿ ಹೇಳಿದರು: “ಈಕಿಗೆ ಈಗ ಚಹಾ ತರ್ರಿ. ಇಲ್ಲಾಂದ್ರ ಸಿಟ್ಟಾಗಿ ಹೋದಳಂತ ಪ್ಯಾಟಿ ತುಂಬ ಸುದ್ದಿ ಆಗ್ತೈತಿ.” ಎಲ್ಲರೂ ನಕ್ಕರು. ನಾನು ಕುಳಿತು, ನಿಧಾನವಾಗಿ ಗ್ಲಾಸು ಖಾಲಿ ಮಾಡಿ ಹೋದೆ.

ಮರುದಿನ ಬೆಳಿಗ್ಗೆ ಪರೀಕ್ಷೆಯ ವರದಿಗಳನ್ನು ಕಾಕಾರ ಮುಂದಿಟ್ಟು, ಲಾರಿ ಬಾಡಿಗೆಯ ವಿಷಯ ಏನಾಯಿತೆಂದು ಕೇಳಿದೆ. ಅವರು ಹೇಳಿ ಮುಗಿಸುವವರೆಗೂ ಕುಳಿತು ಕೇಳಿದೆ.